ಬಡ್ತಿ ಪಡೆದ ಜರ್ಮನ್ ಗೆಳತಿಗೆ ನಾಲ್ಕು ಸಾಲು

ಸ್ಟುಟ್‌ಗಾರ್ಟ್ ಊರಿನ ಹೊರವಲಯದಲ್ಲಿ ಯಂತ್ರಗಳನ್ನು ತಯಾರಿಸುವ ಒಂದು ಕಂಪನಿ. ಅಲ್ಲಿ ಎಂಜಿನಿಯರ್ ಆಗಿರುವ ಲೇನಾ ನಿಮ್ಮ ಗೆಳತಿ ಎಂದಿಟ್ಟುಕೊಳ್ಳಿ. ನೀವು ಬೆಂಗಳೂರಿನಿಂದ ಹೋಗಿ ಅದೇ ಊರಲ್ಲಿ ಕೆಲಸಕ್ಕಿದ್ದೀರಿ. ಜರ್ಮನ್ ಅಷ್ಟೋ ಇಷ್ಟೋ ಕಲಿತಿದ್ದೀರಿ. ಸೆಪ್ಟೆಂಬರ್‌ನ ಒಂದು ಸಂಜೆ ವಾಟ್ಸಾಪ್‌ನಲ್ಲಿ ಅವಳಿಂದ ಈ ಸಾಲು ಬರುತ್ತದೆ:

```
Rate mal! Ab Oktober bin ich Teamleiterin 🙈
```

ಊಹಿಸು ನೋಡೋಣ, ಅಕ್ಟೋಬರ್‌ನಿಂದ ನಾನು ಟೀಮ್ ಲೀಡರ್ ಎನ್ನುತ್ತಿದ್ದಾಳೆ. ಕಣ್ಣು ಮುಚ್ಚಿಕೊಂಡ ಕೋತಿಯ ಚಿತ್ರ ಅವಳ ನಾಚಿಕೆಯನ್ನೂ ಖುಷಿಯನ್ನೂ ಒಟ್ಟಿಗೆ ಹೇಳುತ್ತಿದೆ. ಇದಕ್ಕೆ ಈಗಲೇ, ಅವಳ ಭಾಷೆಯಲ್ಲೇ, ಎರಡು ಮಾತು ಬರೆಯಬೇಕು. ಇಂಗ್ಲಿಷಿನಲ್ಲಾದರೆ ಹತ್ತು ಸೆಕೆಂಡಿನ ಕೆಲಸ. ಆದರೆ ಲೇನಾ ತನ್ನ ಸುದ್ದಿಯನ್ನು ಜರ್ಮನ್‌ನಲ್ಲಿ ಹಂಚಿಕೊಂಡಿದ್ದಾಳೆ, ಅದೂ ಆಪ್ತರೊಂದಿಗೆ ಆಡುವ ಜರ್ಮನ್‌ನಲ್ಲಿ. ಉತ್ತರವೂ ಆ ಭಾಷೆಯಲ್ಲೇ ಹೋದರೆ ಅದರ ಸವಿ ಬೇರೆ.

ನಮ್ಮಲ್ಲಿ ಜರ್ಮನ್ ಕಲಿಯುವವರು ಬಹುಪಾಲು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ಮೊದಲು ಇಂಗ್ಲಿಷ್ ವಾಕ್ಯ ಮನಸ್ಸಿಗೆ ಬರುತ್ತದೆ, ಆಮೇಲೆ ಅದರ ಒಂದೊಂದು ಪದಕ್ಕೂ ಜರ್ಮನ್ ಪದ ಹುಡುಕುತ್ತಾರೆ. ಹಾಗೆ ಹುಟ್ಟುವ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

```
Liebe Lena, herzlicher Glückwunsch für deine Promotion!
Ich bin sehr glücklich für Sie.
```

ಲೇನಾಳಿಗೆ ಇದು ಅರ್ಥವಾಗುತ್ತದೆ. ಅವಳು ನಗುನಗುತ್ತಲೇ ಧನ್ಯವಾದ ಹೇಳುತ್ತಾಳೆ, ತಪ್ಪು ಎತ್ತಿ ತೋರಿಸುವುದಿಲ್ಲ. ಆದರೂ ಈ ಎರಡೇ ಸಾಲಿನಲ್ಲಿ ಐದು ಕಡೆ ಕಾಲು ಜಾರಿದೆ. ಒಂದೊಂದು ಜಾರಿಕೆಯ ಹಿಂದೆಯೂ ಇಂಗ್ಲಿಷ್ ಕೂತಿದೆ ಎಂಬುದನ್ನು ಗಮನಿಸಬೇಕು. ಇದೇ ಮಾತನ್ನು ಕನ್ನಡದಲ್ಲಿ ಯೋಚಿಸಿ ನೇರವಾಗಿ ಜರ್ಮನ್‌ಗೆ ಹೋಗಿದ್ದರೆ ಹೆಚ್ಚಿನವು ಆಗುತ್ತಲೇ ಇರಲಿಲ್ಲ. ಕನ್ನಡಿಗರಿಗೆ ಜರ್ಮನ್‌ಗೆ ಒಂದು ಒಳದಾರಿ ಇದೆ, ಅದನ್ನು ನಾವು ಬಳಸುವುದು ಕಡಿಮೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಎಲ್ಲಕ್ಕಿಂತ ದೊಡ್ಡ ಗುಂಡಿಯಿಂದಲೇ ಶುರುಮಾಡೋಣ. ಜರ್ಮನ್‌ನಲ್ಲಿ ‘ಪ್ರೊಮೊತ್ಸಿಯೋನ್’ ಎಂಬ ಪದ ಇದೆ. ಕಾಗದದ ಮೇಲೆ ಅದು ಇಂಗ್ಲಿಷಿನ ಪ್ರಮೋಶನ್‌ನಂತೆಯೇ ಕಾಣುತ್ತದೆ, ಅಕ್ಷರಕ್ಕೆ ಅಕ್ಷರ ಅದೇ. ಆದರೆ ಜರ್ಮನ್ ಕಿವಿಗೆ ಅದರ ಮೊದಲ ಅರ್ಥ ಡಾಕ್ಟರೇಟ್, ಅಂದರೆ ಪಿಎಚ್‌ಡಿ ಪಡೆಯುವುದು. ಜರ್ಮನಿಯಲ್ಲಿ ಈ ಪದವಿಗೆ ಬಹಳ ತೂಕ. ಮನೆಯ ಕರೆಗಂಟೆಯ ಪಕ್ಕದ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಸಿಕೊಳ್ಳುವವರಿದ್ದಾರೆ, ಗುರುತಿನ ಚೀಟಿಯಲ್ಲೂ ಅದನ್ನು ನಮೂದಿಸಿಕೊಳ್ಳಬಹುದು. ಹಾಗಾಗಿ ನಿಮ್ಮ ಸಾಲು ಓದಿದ ಲೇನಾ ಒಂದು ಕ್ಷಣ ನಾನು ಯಾವಾಗ ಪ್ರಬಂಧ ಬರೆದೆ ಎಂದು ಯೋಚಿಸಬೇಕಾಗುತ್ತದೆ. ಅಕಸ್ಮಾತ್ ಅವಳು ನಿಜವಾಗಿಯೂ ಪಿಎಚ್‌ಡಿಗೆ ಓದುತ್ತಿದ್ದರಂತೂ ಗೊಂದಲ ಇನ್ನೂ ದೊಡ್ಡದು.

ಕೆಲಸದ ಬಡ್ತಿಗೆ ಅಲ್ಲಿ ಹೇಳುವುದು ‘ಬೆಫ್ಯೋರ್ಡರುಂಗ್’. ಇದೇ ಪದ ಜನರನ್ನೋ ಸರಕನ್ನೋ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದಕ್ಕೂ ಇದೆ. ರೈಲು ಟಿಕೆಟಿನ ನಿಯಮಾವಳಿಯಲ್ಲಿ ಇದು ಕಂಡರೆ ಯಾರಿಗೋ ಬಡ್ತಿ ಸಿಕ್ಕಿದೆ ಎಂದುಕೊಳ್ಳಬೇಡಿ, ಅಲ್ಲಿ ಮಾತು ಪ್ರಯಾಣಿಕರ ಸಾಗಾಟದ್ದು. ಅಭಿನಂದನೆಯ ಮಾತಿನ ಜೊತೆ ಬಂದಾಗ ಅರ್ಥದಲ್ಲಿ ಯಾವ ಅನುಮಾನವೂ ಉಳಿಯುವುದಿಲ್ಲ.

ಎರಡನೆಯದು ‘ಫ್ಯೂರ್’. ಇಂಗ್ಲಿಷಿನ ಫಾರ್ ಮನಸ್ಸಿನಲ್ಲಿದ್ದುದರಿಂದ ಅದಕ್ಕೆ ಸರಿಹೊಂದುವ ಜರ್ಮನ್ ಪದ ಬಂದು ಕೂತಿದೆ. ಕನ್ನಡದಲ್ಲಿ ನಾವು ಏನೆನ್ನುತ್ತೇವೆ? ಬಡ್ತಿ ಸಿಕ್ಕಿದ್ದಕ್ಕೆ ಅಭಿನಂದನೆ, ಗೆದ್ದಿದ್ದಕ್ಕೆ ಅಭಿನಂದನೆ. ಆ ‘ಕ್ಕೆ’ ಮಾಡುವ ಕೆಲಸವನ್ನು ಜರ್ಮನ್‌ನಲ್ಲಿ ‘ತ್ಸು’ ಮಾಡುತ್ತದೆ. ವೈದ್ಯರ ಬಳಿಗೆ ಹೋಗುವಾಗ ಬಳಸುವುದೂ ಇದನ್ನೇ. ನಮ್ಮ ಗೆ, ಕ್ಕೆಗಳ ಹಾಗೆ ಇದಕ್ಕೂ ಹಲವು ಕೆಲಸ. ಅಭಿನಂದನೆ ಯಾವುದಕ್ಕೆ ಎಂಬುದು ಬಂದಲ್ಲೆಲ್ಲ ಇದೇ ಬರಬೇಕು: ಹುಟ್ಟುಹಬ್ಬಕ್ಕೆ, ಮದುವೆಗೆ, ಹೊಸ ಕೆಲಸಕ್ಕೆ, ಬಡ್ತಿಗೆ. ‘ಬೆಫ್ಯೋರ್ಡರುಂಗ್’ ಸ್ತ್ರೀಲಿಂಗದ ನಾಮಪದವಾದ್ದರಿಂದ ಅದರ ಮುಂದಿನ ಉಪಪದ ‘ತ್ಸು’ ಜೊತೆ ಸೇರಿ ‘ತ್ಸೂರ್’ ಆಗುತ್ತದೆ. ಹೊಸ ಕೆಲಸ ಎಂದು ಹೇಳುವುದಾದರೆ ಯೋಬ್ ಎನ್ನಬೇಡಿ, ಇಂಗ್ಲಿಷಿನಂತೆ ಜಾಬ್ ಎಂದೇ ಅಲ್ಲಿಯೂ ಉಚ್ಚರಿಸುತ್ತಾರೆ. ಅದು ಪುಲ್ಲಿಂಗ, ಆಗ ‘ತ್ಸುಮ್’ ಬರುತ್ತದೆ.

ಮೂರನೆಯದು ಚಿಕ್ಕದು, ಒಂದೇ ಅಕ್ಷರದ ವಿಷಯ. ‘ಹೆರ್ತ್ಸ್‌ಲಿಷರ್’ ಅಲ್ಲ, ‘ಹೆರ್ತ್ಸ್‌ಲಿಷನ್’. ಹೃತ್ಪೂರ್ವಕ ಎಂಬ ಈ ವಿಶೇಷಣದ ಕೊನೆ ಏಕೆ ಬದಲಾಗುತ್ತದೆ ಎಂದರೆ, ಪೂರ್ತಿ ವಾಕ್ಯವನ್ನು ಯಾರೂ ಹೇಳದಿದ್ದರೂ ಅದು ಬೆನ್ನ ಹಿಂದೆ ನಿಂತಿದೆ. ನಾನು ನಿನಗೆ ಹೃತ್ಪೂರ್ವಕ ಶುಭಾಶಯವನ್ನು ಕೋರುತ್ತೇನೆ ಎಂಬುದು ಆ ವಾಕ್ಯ. ಆ ‘ಅನ್ನು’ ಇರುವುದರಿಂದ ಶುಭಾಶಯ ಎಂಬುದು ದ್ವಿತೀಯಾ ವಿಭಕ್ತಿಯಲ್ಲಿದೆ, ವಿಶೇಷಣವೂ ಅದನ್ನು ಹಿಂಬಾಲಿಸುತ್ತದೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರಿಗೆ ಇದು ಹೊಸ ವಿಷಯವೇ ಅಲ್ಲ. ಇಂಗ್ಲಿಷ್ ಮಾತ್ರ ಬಲ್ಲವನಿಗೆ ದ್ವಿತೀಯಾ, ಚತುರ್ಥಿ ಎಂದರೇನು ಎಂಬುದನ್ನೇ ಮೊದಲು ಹೇಳಿಕೊಡಬೇಕು.

ಇದೇ ಕಾರಣಕ್ಕೆ ‘ಗ್ರಾಟುಲೀರನ್’ ಎಂಬ ಕ್ರಿಯಾಪದ ಕನ್ನಡಿಗರಿಗೆ ಸಲೀಸು. ಅಭಿನಂದಿಸು ಎಂಬುದೇ ಅದರ ಅರ್ಥ, ಆದರೆ ಅದು ಕೇಳುವುದು ಚತುರ್ಥಿಯನ್ನು. ‘ಇಶ್ ಗ್ರಾಟುಲೀರೆ ಡೀರ್’ ಎನ್ನಬೇಕು. ‘ಡೀರ್’ ಎಂದರೆ ನಿನಗೆ. ನಿನ್ನನ್ನು ಎಂಬ ಅರ್ಥದ ‘ಡಿಶ್’ ಹಾಕಿದರೆ ತಪ್ಪು. ಇಂಗ್ಲಿಷಿನಲ್ಲಿ ನಿನಗೆ, ನಿನ್ನನ್ನು ಎರಡಕ್ಕೂ ಒಂದೇ ಪದವಾದ್ದರಿಂದ ಅದರ ಮೂಲಕ ಬಂದವರು ಇಲ್ಲಿ ಪದೇ ಪದೇ ಎಡವುತ್ತಾರೆ. ನಿನಗೆ ಅಭಿನಂದನೆ ಎಂದು ಕನ್ನಡದಲ್ಲಿ ಹೇಳಿಕೊಂಡು ಹೊರಟವರಿಗೆ ‘ಡೀರ್’ ತಾನಾಗಿಯೇ ಸಿಗುತ್ತದೆ.

ಈಗ ‘ಜೀ’ ಮತ್ತು ‘ಡೂ’. ಮೇಲಿನ ಉತ್ತರದ ಕೊನೆಯಲ್ಲಿ ‘ಜೀ’ ಬಂದಿದೆ, ಅಂದರೆ ನೀವು. ಆರಂಭದಲ್ಲಿ ಪ್ರಿಯ ಲೇನಾ, ನಿನ್ನ ಬಡ್ತಿ ಎಂದು ಶುರುವಾದದ್ದು ಎರಡನೇ ಸಾಲಿಗೆ ನಿಮಗಾಗಿ ಎಂದು ತಿರುಗಿಬಿಟ್ಟಿದೆ. ಕನ್ನಡದಲ್ಲಿ ವರ್ಷಗಟ್ಟಲೆ ನೀನು ಎನ್ನುತ್ತಿದ್ದ ಗೆಳತಿಗೆ ಒಂದು ದಿನ ಇದ್ದಕ್ಕಿದ್ದಂತೆ ನೀವು ಎಂದರೆ ಅವಳಿಗೆ ಏನನ್ನಿಸುತ್ತದೋ ಲೇನಾಳಿಗೂ ಅದೇ ಅನ್ನಿಸುತ್ತದೆ: ಏನಾಯಿತು, ಮುನಿಸಿಕೊಂಡೆಯಾ? ಈ ಸೂಕ್ಷ್ಮವನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಇಂಗ್ಲಿಷಿನ ಒಂದೇ ‘ಯೂ’ ನಡುವೆ ಬಂದಾಗ ನಮ್ಮ ಕೈಯಿಂದಲೇ ಇದು ತಪ್ಪಿಹೋಗುತ್ತದೆ.

ಒಂದು ಎಚ್ಚರ ಮಾತ್ರ ಬೇಕು. ನಮ್ಮ ನೀನು, ನೀವುಗಳನ್ನು ಹಾಗೆಯೇ ಅಲ್ಲಿಗೆ ಹೊತ್ತೊಯ್ಯಲು ಬರುವುದಿಲ್ಲ. ನಾವು ವಯಸ್ಸಿಗೆ ನೀವು ಎನ್ನುತ್ತೇವೆ. ನಮಗಿಂತ ಹದಿನೈದು ವರ್ಷ ದೊಡ್ಡವರು ಎಷ್ಟೇ ಆಪ್ತರಾದರೂ ಬಾಯಿಗೆ ನೀನು ಬರುವುದಿಲ್ಲ. ಜರ್ಮನಿಯಲ್ಲಿ ಒಮ್ಮೆ ‘ಡೂ’ ಎಂದು ಒಪ್ಪಿಕೊಂಡರೆ ಅರುವತ್ತು ವರ್ಷದ ಸಹೋದ್ಯೋಗಿಗೂ ‘ಡೂ’. ಸಾಮಾನ್ಯವಾಗಿ ಹಿರಿಯರು ಅಥವಾ ಮೇಲಿನ ಹುದ್ದೆಯವರು ಮೊದಲು ಅದಕ್ಕೆ ಬಾಗಿಲು ತೆರೆಯುತ್ತಾರೆ, ನಾವು ‘ಡೂ’ ಅಂದುಕೊಳ್ಳೋಣವೇ ಎಂದು ಕೇಳುತ್ತಾರೆ. ಹಾಗೆ ಕೇಳಿದ ಮೇಲೂ ಗೌರವಕ್ಕೆಂದು ‘ಜೀ’ಯಲ್ಲೇ ಉಳಿದರೆ, ಚಾಚಿದ ಕೈಯನ್ನು ಹಿಡಿಯದೆ ಬಿಟ್ಟಂತೆ ಕಾಣಬಹುದು. ಲೇನಾ ಇನ್ನು ಟೀಮ್ ಲೀಡರ್ ಆದರೂ ನಿಮಗೆ ‘ಡೂ’ ಆಗಿಯೇ ಇರುತ್ತಾಳೆ. ಬಡ್ತಿ ಸಿಕ್ಕಿತೆಂದು ಸರ್ವನಾಮ ಬದಲಾಗುವುದಿಲ್ಲ.

ಐದನೆಯದು ‘ಗ್ಲ್ಯುಕ್‌ಲಿಶ್’. ಇದು ವ್ಯಾಕರಣದ ತಪ್ಪೇನಲ್ಲ, ಆದರೆ ಭಾರ ಹೆಚ್ಚಾಯಿತು. ಬದುಕು ತೃಪ್ತಿಯಾಗಿದೆ ಎನ್ನುವಾಗ, ಪ್ರೀತಿಯಲ್ಲಿದ್ದೇನೆ ಎನ್ನುವಾಗ ಬರುವ ಪದ ಅದು. ಬೇರೆಯವರ ಒಳ್ಳೆಯ ಸುದ್ದಿ ಕೇಳಿ ಖುಷಿಯಾಯಿತು ಎನ್ನಲು ಜರ್ಮನ್ನರು ದಿನನಿತ್ಯ ಬಳಸುವುದು ‘ಇಶ್ ಫ್ರಾಯ್ ಮಿಶ್ ಫ್ಯೂರ್ ಡಿಶ್’. ಇಲ್ಲಿ ‘ಫ್ಯೂರ್’ ಸರಿಯೇ. ಆದರೆ ಇಲ್ಲಿಯೇ ನಮ್ಮ ಒಳದಾರಿಯೂ ಕೈಕೊಡುತ್ತದೆ. ನಿನಗಾಗಿ ಎಂದು ಕನ್ನಡದಲ್ಲಿ ಯೋಚಿಸಿದವರು ‘ಡೀರ್’ ಹಾಕಿಬಿಡುತ್ತಾರೆ, ‘ಫ್ಯೂರ್’ ಮಾತ್ರ ಯಾವಾಗಲೂ ದ್ವಿತೀಯೆಯನ್ನೇ, ಅಂದರೆ ‘ಡಿಶ್’ ಅನ್ನೇ ಕೇಳುತ್ತದೆ. ಇದನ್ನು ನೆನಪಿಟ್ಟುಕೊಳ್ಳದೆ ಬೇರೆ ದಾರಿಯಿಲ್ಲ.

ಇಷ್ಟನ್ನೆಲ್ಲ ಸರಿಪಡಿಸಿ, ಸ್ವಲ್ಪ ಉತ್ಸಾಹ ತುಂಬಿ ಬರೆದರೆ ಉತ್ತರ ಹೀಗಾಗುತ್ತದೆ:

```
Waaas, Lena?! Teamleiterin! 🎉
Herzlichen Glückwunsch zur Beförderung!
Ich freu mich riesig für dich. Das hast du dir echt verdient.
Wann stoßen wir darauf an?
```

ಒಟ್ಟು 24 ಪದ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಗೋಥೆ ಸಂಸ್ಥೆಯ ಎ2 ಪರೀಕ್ಷೆಗೆ ಕೂತವರಿಗೆ ಈ ಅಳತೆ ಪರಿಚಿತ. ಆ ಪರೀಕ್ಷೆಯ ಬರವಣಿಗೆಯ ಮೊದಲ ಭಾಗದಲ್ಲಿ 20ರಿಂದ 30 ಪದಗಳ ಎಸ್ಸೆಮ್ಮೆಸ್ ಬರೆಯಬೇಕು. ಮೂರು ಅಂಶ ಕೊಟ್ಟಿರುತ್ತಾರೆ, ಮೂರನ್ನೂ ಅಷ್ಟರಲ್ಲೇ ಹೇಳಿ ಮುಗಿಸಬೇಕು. ಮೊದಲ ನೋಟಕ್ಕೆ ಇದು ಮಕ್ಕಳಾಟದಂತೆ ಕಂಡರೂ ಗಟ್ಟಿ ಪರೀಕ್ಷೆ, ಏಕೆಂದರೆ ಅಡಗಿಕೊಳ್ಳಲು ಜಾಗವೇ ಇರುವುದಿಲ್ಲ. ಉದ್ದನೆಯ ಪತ್ರದಲ್ಲಿ ಎರಡು ಪ್ರತ್ಯಯ ತಪ್ಪಿದರೆ ಮುಳುಗಿಹೋಗುತ್ತವೆ, ಇಲ್ಲಿ ಒಂದು ತಪ್ಪಿದರೂ ಮೇಲೆ ತೇಲುತ್ತದೆ.

ಸಾಲು ಸಾಲಾಗಿ ನೋಡೋಣ. ಪ್ರಿಯ ಲೇನಾ ಎಂಬ ಸಂಬೋಧನೆ ಹೋಯಿತು. ಅದು ಪತ್ರಕ್ಕೆ, ಇಮೇಲಿಗೆ ಚೆಂದ. ನಡೆಯುತ್ತಿರುವ ಚಾಟ್‌ನಲ್ಲಿ ಮತ್ತೆ ಪ್ರಿಯ ಎಂದು ಶುರುಮಾಡಿದರೆ ಮಾತು ಕಡಿದುಹೋಗುತ್ತದೆ. ಅದರ ಬದಲು ಏನು ಎಂಬ ಅರ್ಥದ ‘ವಾಸ್’ ಅನ್ನು ಎಳೆದು ಬರೆದಿದೆ. ನಾವು ಏನೂಊಊ ಎಂದು ಎಳೆಯುವುದಿಲ್ಲವೇ, ಹಾಗೆ. ಅವಳು ಊಹಿಸು ಎಂದಿದ್ದಳು, ಅದಕ್ಕೆ ಅಚ್ಚರಿಯೇ ಸರಿಯಾದ ಮೊದಲ ಉತ್ತರ. ಆಮೇಲೆ ಅವಳ ಹೊಸ ಹುದ್ದೆಯ ಹೆಸರನ್ನು ಅವಳು ಬರೆದಂತೆಯೇ ಮತ್ತೆ ಹೇಳಿದೆ. ಕೊನೆಯ ‘ಇನ್’ ಸ್ತ್ರೀಲಿಂಗದ ಗುರುತು. ಅದನ್ನು ಬಿಟ್ಟು ‘ಟೀಮ್‌ಲೈಟರ್’ ಎಂದಷ್ಟೇ ಬರೆದರೆ ಗಂಡಸಿನ ಹುದ್ದೆಯಾಗುತ್ತದೆ. ಈ ವಿಷಯದಲ್ಲಿ ಇಂದಿನ ಜರ್ಮನಿಯಲ್ಲಿ ಬಿಸಿಬಿಸಿ ಚರ್ಚೆಗಳಿವೆ, ಅದಕ್ಕೆ ನೀವು ಇಳಿಯಬೇಕಿಲ್ಲ. ಅವರು ತಮ್ಮನ್ನು ಏನೆಂದು ಕರೆದುಕೊಂಡರೋ ಅದನ್ನೇ ಎತ್ತಿಕೊಂಡರೆ ಸಾಕು.

ಮೂರನೇ ಸಾಲಿನ ‘ರೀಜಿಶ್’ ಎಂದರೆ ದೈತ್ಯಗಾತ್ರದ್ದು, ಸಿಕ್ಕಾಪಟ್ಟೆ ಖುಷಿ ಎಂಬ ಧ್ವನಿ. ‘ಫ್ರಾಯೆ’ ಎಂಬುದರ ಕೊನೆಯ ಸ್ವರ ಬಿಟ್ಟು ‘ಫ್ರಾಯ್’ ಎಂದಿದೆ. ಮಾತಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ, ಗೆಳೆಯರ ನಡುವಿನ ಬರಹದಲ್ಲೂ ಅದು ಒಪ್ಪುತ್ತದೆ. ನಾವು ಬರುತ್ತೇನೆ ಎಂಬುದನ್ನು ಬರ್ತೀನಿ ಎಂದು ಬರೆದ ಹಾಗೆ.

ಅದರ ಪಕ್ಕದ ವಾಕ್ಯ ನನಗೆ ಬಹಳ ಇಷ್ಟ. ಇದಕ್ಕೆ ನೀನು ಅರ್ಹಳು ಎನ್ನಲು ಇಂಗ್ಲಿಷಿನಂತೆ ಬರಿದೇ ‘ಡೂ ಹಾಸ್ಟ್ ಎಸ್ ಫೆರ್‌ಡೀನ್ಟ್’ ಎಂದರೂ ಸರಿಯೇ, ಜನ ಹಾಗೂ ಹೇಳುತ್ತಾರೆ. ಆದರೆ ನಡುವೆ ಒಂದು ‘ಡೀರ್’ ಸೇರಿದಾಗ ವಾಕ್ಯಕ್ಕೆ ಬೇರೆಯೇ ಕಳೆ ಬರುತ್ತದೆ. ಅದು ಏನು ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ವಿವರಿಸಲು ಎರಡು ಮೂರು ವಾಕ್ಯ ಬೇಕು. ಕನ್ನಡದಲ್ಲಿ ಒಂದೇ ಪ್ರತ್ಯಯ ಸಾಕು. ಗಳಿಸಿದೆ, ಗಳಿಸಿಕೊಂಡೆ ಇವೆರಡರ ನಡುವೆ ಇರುವ ವ್ಯತ್ಯಾಸವೇ ಅದು. ನಿನ್ನ ದುಡಿಮೆಯಿಂದ ನಿನಗಾಗಿ ನೀನೇ ಗಳಿಸಿಕೊಂಡದ್ದು, ಯಾರೂ ದಾನವಾಗಿ ಕೊಟ್ಟದ್ದಲ್ಲ. ನಮ್ಮ ‘ಕೊಳ್ಳು’ ಮಾಡುವ ಕೆಲಸವನ್ನು ಇಲ್ಲಿ ಆ ಪುಟ್ಟ ‘ಡೀರ್’ ಮಾಡುತ್ತಿದೆ. ಕ್ರಿಯೆಯ ಮುಖ್ಯ ಭಾಗ ವಾಕ್ಯದ ತುದಿಗೆ ಬಂದು ಕೂರುವುದೂ ನಮಗೆ ಒಗ್ಗಿದ ಜೋಡಣೆಯೇ.

ಕೊನೆಯ ಸಾಲು ಮುಂದಿನ ಮಾತಿಗೆ ದಾರಿ ಮಾಡಿಕೊಡುತ್ತದೆ. ‘ಆನ್‌ಷ್ಟೋಸನ್’ ಎಂದರೆ ಲೋಟಕ್ಕೆ ಲೋಟ ತಾಗಿಸುವುದು. ಈ ಕ್ರಿಯಾಪದ ವಾಕ್ಯದಲ್ಲಿ ಎರಡಾಗಿ ಒಡೆಯುತ್ತದೆ, ‘ಷ್ಟೋಸನ್’ ಮುಂದೆ ಹೋಗಿ ‘ಆನ್’ ಕಟ್ಟಕಡೆಗೆ ಉಳಿಯುತ್ತದೆ. ಆ ‘ಆನ್’ ಬರೆಯಲು ಮರೆಯುವುದು ಹೊಸಬರ ಸಾಮಾನ್ಯ ತಪ್ಪು, ಬಿಟ್ಟರೆ ಅರ್ಥವೇ ಬೇರೆಯಾಗುತ್ತದೆ. ಮದ್ಯ ಕುಡಿಯದವರು ಈ ಸಾಲನ್ನೇ ಬದಲಿಸಿ, ಯಾವಾಗ ಕಾಫಿಗೆ ಹೋಗೋಣ ಎಂದು ಕೇಳಬಹುದು:

```
Wann gehen wir einen Kaffee trinken?
```

ಅಲ್ಲಿ ಇದು ಅಷ್ಟೇ ಸಹಜ. ಲೋಟ ತಾಗಿಸುವ ಸಂದರ್ಭ ಬಂದರೆ ಒಂದು ವಿಷಯ ತಿಳಿದಿರಲಿ: ಆಗ ಎದುರಿನವರ ಕಣ್ಣನ್ನು ನೋಡಬೇಕು. ಲೋಟವನ್ನೇ ನೋಡುತ್ತಾ ತಾಗಿಸಿದರೆ ಜರ್ಮನ್ ಗೆಳೆಯರು ತಮಾಷೆಗಾದರೂ ತಡೆದು ಹೇಳುತ್ತಾರೆ.

ಇನ್ನು ಟೈಪಿಂಗ್. ಎರಡು ಚುಕ್ಕಿಯ ಸ್ವರಗಳು ಅಲಂಕಾರಕ್ಕಲ್ಲ, ಬೇರೆಯದೇ ಅಕ್ಷರಗಳು. ಚುಕ್ಕಿ ಇಲ್ಲದೆ ‘ಶೋನ್’ ಎಂದರೆ ಆಗಲೇ, ಚುಕ್ಕಿ ಇಟ್ಟು ‘ಶ್ಯೋನ್’ ಎಂದರೆ ಚೆಂದ. ನಮ್ಮ ಸಂದೇಶದಲ್ಲಿ ಇಂಥ ಚುಕ್ಕಿಗಳು ಶುಭಾಶಯದಲ್ಲೂ ಬಡ್ತಿಯಲ್ಲೂ ‘ಫ್ಯೂರ್’ನಲ್ಲೂ ಇವೆ. ಹೆಚ್ಚಿನ ಫೋನುಗಳಲ್ಲಿ ಆ ಸ್ವರವನ್ನು ಒತ್ತಿ ಹಿಡಿದರೆ ಚುಕ್ಕಿಯ ರೂಪ ಮೇಲೆ ಬರುತ್ತದೆ, ಎಸ್ ಅನ್ನು ಒತ್ತಿ ಹಿಡಿದರೆ ಬಾಲದ ಎಸ್ ಸಿಗುತ್ತದೆ. ಅದು ಸಿಗದಿದ್ದಾಗ ಚುಕ್ಕಿಯನ್ನು ಸುಮ್ಮನೆ ಬಿಟ್ಟುಬಿಡಬೇಡಿ. ಸ್ವರದ ಪಕ್ಕದಲ್ಲಿ ಒಂದು ಇ ಸೇರಿಸುವುದು, ಬಾಲದ ಎಸ್‌ಗೆ ಎರಡು ಎಸ್ ಬರೆಯುವುದು ಜರ್ಮನ್ನರೇ ಒಪ್ಪಿಕೊಂಡಿರುವ ಪರಿಹಾರ:

```
Herzlichen Glueckwunsch zur Befoerderung!
```

ಇದರ ಜೊತೆಗೆ ಫೋನಿನ ಕೀಬೋರ್ಡಿಗೆ ಜರ್ಮನ್ ಭಾಷೆಯನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಇಂಗ್ಲಿಷ್ ಕೀಬೋರ್ಡಿನ ತಿದ್ದುಪಡಿ ಚಾಲೂ ಇದ್ದರೆ ಅದು ಸರಿಯಾದ ಜರ್ಮನ್ ಪದವನ್ನು ತನಗೆ ಗೊತ್ತಿರುವ ಇಂಗ್ಲಿಷ್ ಪದವಾಗಿ ತಿರುಚಿ ಕಳಿಸಿಬಿಡುತ್ತದೆ. ಜರ್ಮನ್ ಸೇರಿಸಿದರೆ ನಾಮಪದಗಳ ಮೊದಲ ಅಕ್ಷರವನ್ನೂ ದೊಡ್ಡದು ಮಾಡಿಕೊಡುತ್ತದೆ. ಚಾಟ್‌ನಲ್ಲಿ ಎಷ್ಟೋ ಮಂದಿ ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಬರೆಯುತ್ತಾರೆ, ಗೆಳೆಯರ ನಡುವೆ ಅದು ನಡೆಯುತ್ತದೆ. ಆದರೆ ಕಲಿಯುವವರು ದೊಡ್ಡಕ್ಷರದ ಅಭ್ಯಾಸ ಬಿಡದಿರುವುದು ಮೇಲು. ‘ಡೂ’ವನ್ನು ಮಾತ್ರ ಚಿಕ್ಕದಾಗಿ ಬರೆಯಿರಿ. 2006ರ ಕಾಗುಣಿತ ತಿದ್ದುಪಡಿಯ ನಂತರ ಪತ್ರದಲ್ಲಿ ಅದನ್ನು ದೊಡ್ಡದಾಗಿ ಬರೆಯಲೂ ಅವಕಾಶ ಇದೆ, ಚಾಟ್‌ನಲ್ಲಿ ಅಷ್ಟು ಬಿಗುಮಾನ ಬೇಡ.

ಬರೆಯಬೇಕಾದುದರಷ್ಟೇ ಮುಖ್ಯ ಬರೆಯಬಾರದ್ದು. ನಮ್ಮಲ್ಲಿ ಗೆಳೆಯನಿಗೆ ಬಡ್ತಿ ಎಂದ ಕೂಡಲೇ ಸಂಬಳ ಎಷ್ಟು ಜಾಸ್ತಿ ಆಯಿತು ಎಂದು ಕೇಳುತ್ತೇವೆ, ಅದರಲ್ಲಿ ಅಕ್ಕರೆಯೂ ಇರುತ್ತದೆ. ಜರ್ಮನಿಯಲ್ಲಿ ಹಣದ ಬಗ್ಗೆ ಮಾತಾಡಬಾರದು ಎಂಬುದು ಗಾದೆಯಂತೆ ಓಡಾಡುವ ಮಾತು, ಹತ್ತಿರದ ಗೆಳೆಯರಲ್ಲೂ ಸಂಬಳದ ಅಂಕಿ ಕೇಳುವುದಕ್ಕೆ ಹಿಂಜರಿಯುತ್ತಾರೆ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹಾಗೆಯೇ ಹೀಗೇ ಮುಂದುವರಿ ಎಂಬ ಅರ್ಥದ ‘ವೈಟರ್ ಜೋ’ ಎಂಬ ಹುರಿದುಂಬಿಸುವ ಮಾತು ಗೆಳತಿಗೆ ಒಪ್ಪುವುದಿಲ್ಲ. ಅದು ಮೇಷ್ಟರು ಉತ್ತರಪತ್ರಿಕೆಯ ಕೆಳಗೆ ಬರೆಯುವ ಧಾಟಿಯದು, ನೀವು ಅವಳಿಗಿಂತ ಮೇಲೆ ನಿಂತು ಬೆನ್ನು ತಟ್ಟಿದಂತಾಗುತ್ತದೆ. ನಿನ್ನ ಬಗ್ಗೆ ಹೆಮ್ಮೆ ಎನ್ನುವುದೂ ತಂದೆತಾಯಿಗೆ, ಹಿರಿಯರಿಗೆ, ತೀರಾ ಆಪ್ತರಿಗೆ ಸಲ್ಲುವ ಮಾತು.

ಇನ್ನೊಂದು ಸಂಗತಿಯನ್ನು ಹೊರಗಿನಿಂದ ಹೋದವರು ಊಹಿಸುವುದೂ ಕಷ್ಟ. ಲೇನಾಳ ಸುದ್ದಿ ಓದಿದ ಖುಷಿಯಲ್ಲಿ ಅದನ್ನು ಇಬ್ಬರಿಗೂ ಗೊತ್ತಿರುವ ಗೆಳೆಯರ ಗುಂಪಿಗೆ ಹಾಕಿ ಎಲ್ಲರಿಂದ ಅಭಿನಂದನೆ ಸುರಿಸೋಣ ಎಂದು ಅನ್ನಿಸಬಹುದು. ಸ್ವಲ್ಪ ತಡೆಯಿರಿ. ಜರ್ಮನಿಯ ಬಹಳಷ್ಟು ಕಂಪನಿಗಳಲ್ಲಿ ನೌಕರರೇ ಚುನಾಯಿಸಿದ ಒಂದು ಮಂಡಳಿ ಇರುತ್ತದೆ, ಅದನ್ನು ‘ಬೆಟ್ರೀಬ್ಸ್‌ರಾಟ್’ ಎನ್ನುತ್ತಾರೆ. ಮತದ ಹಕ್ಕುಳ್ಳ 20ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯಲ್ಲಿ ಅಂಥ ಮಂಡಳಿ ಇದ್ದರೆ, ನೌಕರರನ್ನು ಬೇರೆ ಕೆಲಸಕ್ಕೆ ಬದಲಿಸುವಾಗಲೋ ಬೇರೆ ವೇತನ ವರ್ಗಕ್ಕೆ ಸೇರಿಸುವಾಗಲೋ ಮಾಲೀಕರು ಮೊದಲೇ ಅದಕ್ಕೆ ತಿಳಿಸಿ ಒಪ್ಪಿಗೆ ಪಡೆಯಬೇಕು ಎಂದು ಕಾನೂನು ಹೇಳುತ್ತದೆ. ಬಡ್ತಿ ಎಂದರೆ ಬಹುತೇಕ ಈ ಎರಡರಲ್ಲೊಂದು, ಎಷ್ಟೋ ಸಲ ಎರಡೂ. ಆದ್ದರಿಂದ ಮ್ಯಾನೇಜರು ಬಾಯಿಮಾತಿನಲ್ಲಿ ಹೇಳಿದ್ದಕ್ಕೂ ಕಚೇರಿಯಲ್ಲಿ ಪ್ರಕಟವಾಗುವುದಕ್ಕೂ ನಡುವೆ ದಿನಗಳೋ ವಾರಗಳೋ ಇರಬಹುದು. ಆ ಅವಧಿಯಲ್ಲಿ ಲೇನಾ ನಂಬಿ ಹೇಳಿದ್ದು ನಿಮಗೊಬ್ಬರಿಗೇ ಇರಬಹುದು. ಗುಂಪಿಗೆ ಹಾಕುವ ಮುನ್ನ ಇಷ್ಟು ಕೇಳಿದರೆ ಸಾಕು:

```
Ist das schon offiziell?
```

ಇದು ಈಗಾಗಲೇ ಅಧಿಕೃತವೇ ಎಂಬ ಪ್ರಶ್ನೆ. ಇಲ್ಲ ಎಂದರೆ ಬಾಯಿಗೆ ಬೀಗ.

ನಿಮ್ಮ ನಾಲ್ಕು ಸಾಲಿಗೆ ಲೇನಾಳಿಂದ ಬರುವ ಉತ್ತರ ಬಹುಶಃ ಹೀಗಿರುತ್ತದೆ:

```
Dankeee! 😍 Freitag? Ich geb einen aus!
```

ಶುಕ್ರವಾರ ಆಗಬಹುದಾ, ಖರ್ಚು ನನ್ನದು ಎನ್ನುತ್ತಿದ್ದಾಳೆ. ಇಲ್ಲಿ ನಮ್ಮ ಪದ್ಧತಿಯೂ ಅವರದ್ದೂ ಒಂದೇ: ಒಳ್ಳೆಯದಾದವರು ಕೊಡಿಸಬೇಕು. ನಾವು ಪಾರ್ಟಿ ಯಾವಾಗ ಎಂದು ಪೀಡಿಸುತ್ತೇವೆ, ಅಲ್ಲಿ ಪೀಡಿಸುವ ಮೊದಲೇ ಅವರಾಗಿ ಹೇಳುವುದು ರೂಢಿ. ಹುಟ್ಟುಹಬ್ಬದಂದು ಕೇಕನ್ನು ಕಚೇರಿಗೆ ತರುವವರು ಹುಟ್ಟುಹಬ್ಬ ಆಚರಿಸಿಕೊಳ್ಳುವವರೇ. ಹೊಸ ಹುದ್ದೆಗೆ ಬಂದವರು ಸಹೋದ್ಯೋಗಿಗಳಿಗೆ ತಿಂಡಿಯನ್ನೋ ಕೇಕನ್ನೋ ತಂದು ಹಂಚುವುದಕ್ಕೆ ‘ಐನ್‌ಷ್ಟಾಂಡ್’ ಎಂಬ ಹೆಸರೇ ಇದೆ. ನೀವು ಇಲ್ಲ ಇಲ್ಲ, ನಾನೇ ಕೊಡಿಸುತ್ತೇನೆ ಎಂದು ಜಗ್ಗಾಡುವ ಅಗತ್ಯವಿಲ್ಲ. ಒಪ್ಪಿಕೊಂಡು ‘ಬಿನ್ ಡಬೈ’ ಎಂದರೆ, ಅಂದರೆ ನಾನೂ ಬರ್ತೀನಿ ಎಂದರೆ, ಮಾತು ಚೆಂದವಾಗಿ ಮುಗಿಯುತ್ತದೆ.

ಇದೇ ಸುದ್ದಿ ‘ಜೀ’ ಎನ್ನುವ ಮೇಲಧಿಕಾರಿಯದ್ದಾದರೆ ಸಂದೇಶದ ಮೈಕಟ್ಟೇ ಬೇರೆ. ಎಳೆದ ಸ್ವರಗಳು ಹೋಗುತ್ತವೆ, ಲೋಟ ತಾಗಿಸುವ ಮಾತೂ ಹೋಗುತ್ತದೆ:

```
Herzlichen Glückwunsch zu Ihrer Beförderung!
Ich wünsche Ihnen viel Erfolg.
```

ಇಲ್ಲಿ ‘ಈರರ್’ ಎಂಬ ಪದದ ಮೊದಲಕ್ಷರ ದೊಡ್ಡದಿರಲೇಬೇಕು. ಚಿಕ್ಕದಾದರೆ ನಿಮ್ಮ ಬಡ್ತಿ ಎಂಬುದು ಅವಳ ಬಡ್ತಿ ಅಥವಾ ಅವರ ಬಡ್ತಿ ಆಗಿ, ಅಭಿನಂದನೆ ಯಾರಿಗೋ ಹೋಗುತ್ತದೆ.

ಗೆಳತಿ ಸ್ವಿಟ್ಜರ್ಲೆಂಡಿನವಳಾದರೆ ಬಾಲದ ಎಸ್ ಹುಡುಕುವ ಕಷ್ಟವಿಲ್ಲ, ಅಲ್ಲಿ ಅದನ್ನು ಬಳಸುವುದೇ ಇಲ್ಲ, ಎರಡು ಎಸ್ ಬರೆಯುತ್ತಾರೆ. ಗೆಳೆಯರ ನಡುವಿನ ಚಾಟ್ ಅಲ್ಲಿ ಬಹುಮಟ್ಟಿಗೆ ಅವರ ಆಡುನುಡಿಯಲ್ಲೇ ನಡೆಯುತ್ತದೆ. ಅದನ್ನು ನಕಲು ಮಾಡಲು ಹೋಗದೆ ಪುಸ್ತಕದ ಜರ್ಮನ್‌ನಲ್ಲೇ ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅಲ್ಲಿಯೂ ಆಸ್ಟ್ರಿಯಾದಲ್ಲಿಯೂ ‘ಗ್ರಾಟುಲೀರೆ’ ಎಂಬ ಒಂದೇ ಪದ ಪೂರ್ತಿ ಅಭಿನಂದನೆಯಾಗಿ ನಿಲ್ಲುತ್ತದೆ.

ಶುಕ್ರವಾರದ ಭೇಟಿ ಮುಗಿದ ಮೇಲೂ ಇನ್ನೊಂದು ಸಂದೇಶಕ್ಕೆ ಜಾಗವಿದೆ. ಸೆಪ್ಟೆಂಬರ್ 30ರ ರಾತ್ರಿ, ಲೇನಾ ಹೊಸ ಹುದ್ದೆಗೆ ಕಾಲಿಡುವ ಮುನ್ನ, ಹೀಗೆ ಬರೆಯಿರಿ:

```
Toi, toi, toi für morgen! 🍀
```

ನಾಳೆಗೆ ಒಳ್ಳೆಯದಾಗಲಿ ಎಂಬ ಹಾರೈಕೆ ಇದು, ಪರೀಕ್ಷೆಗೋ ವೇದಿಕೆಗೋ ಹೊಸ ಕೆಲಸಕ್ಕೋ ಹೊರಟವರಿಗೆ ಹೇಳುವುದು. ರಂಗಭೂಮಿಯವರ ನಂಬಿಕೆಯ ಪ್ರಕಾರ ಇದಕ್ಕೆ ಧನ್ಯವಾದ ಹೇಳಿದರೆ ಅದೃಷ್ಟ ಕೈತಪ್ಪುತ್ತದೆ. ಹಾಗಾಗಿ ಆ ರಾತ್ರಿ ಅವಳಿಂದ ಒಂದು ನಗುವಿನ ಚಿತ್ರ ಮಾತ್ರ ಬಂದರೆ ಬೇಸರ ಮಾಡಿಕೊಳ್ಳಬೇಡಿ.